ಸಂಜೆಯ ಅಳತೆ

ಎತ್ತರದ ವಿಷಯದಲ್ಲಿ ಬಾಲಕಿಷ್ಟಯ್ಯನ ಜೊತೆ ವಾದಕ್ಕಿಳಿದು ಗೆದ್ದವರು ಪಾಲಮೂರು ಸೀಮೆಯಲ್ಲೇ ಇರಲಿಲ್ಲ. ಮನುಷ್ಯ ಹೋಮ್‌ಗಾರ್ಡು. ಬೆಳಗ್ಗೆ ಆರಕ್ಕೆಲ್ಲ ಬಸ್‌ಸ್ಟ್ಯಾಂಡ್ ಚೌಕದಲ್ಲಿ ನಿಂತು ಸೀಟಿ ಊದಬೇಕು, ಶೇರ್ ಆಟೋದವರ ಜೊತೆ ಗಂಟಲು ಹರಿದುಕೊಳ್ಳಬೇಕು. ಸಂಜೆ ಆ ಡ್ಯೂಟಿ ಮುಗಿದ ಮೇಲೆ ಖಾಕಿ ಅಂಗಿ ಬಿಚ್ಚಿ, ಬನಿಯನ್ ಮೇಲೊಂದು ಟವೆಲ್ ಹಾಕಿಕೊಂಡು ಹಳೇ ಹೈಸ್ಕೂಲಿನ ಮೈದಾನಕ್ಕೆ ಬಂದನೆಂದರೆ ಅಲ್ಲಿಂದ ಅವನ ನಿಜವಾದ ಡ್ಯೂಟಿ ಶುರು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗ ಹುಡುಗಿಯರನ್ನು ಓಡಿಸುವುದು, ಉದ್ದ ಜಿಗಿತ ಕಲಿಸುವುದು, ಕಬ್ಬಿಣದ ಗುಂಡು ಎಸೆಯುವುದನ್ನು ತೋರಿಸುವುದು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅವರೆಲ್ಲ ‘ಸಾರ್’ ಅನ್ನುತ್ತಾರಲ್ಲ, ಅಷ್ಟು ಸಾಕಿತ್ತು ಅವನಿಗೆ. ಚೌಕದಲ್ಲಿ ಯಾರು ಅನ್ನುತ್ತಿದ್ದರು ಸಾರ್ ಅಂತ? ‘ಓಯ್ ಹೋಮ್‌ಗಾರ್ಡ್’ ಅನ್ನುತ್ತಿದ್ದರು.

ಆದರೆ ಒಂದು ಕಟ್ಟಳೆ. ಯಾರೇ ಹೊಸಬರು ಬಂದರೂ ಮೊದಲು ಶಾಲೆಯ ಜಗಲಿಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಆ ಗೋಡೆಯ ಮೇಲೆ ನೀಲಿ ಬಣ್ಣದ ಎರಡು ಗೆರೆ. ಮೇಲಿನದು ಗಂಡಸರದು, ನೂರ ಅರವತ್ತೇಳು ಪಾಯಿಂಟ್ ಆರು. ಕೆಳಗಿನದು ಹೆಂಗಸರದು, ನೂರ ಐವತ್ತೆರಡೂವರೆ ಸೆಂಟಿಮೀಟರು. ಚಪ್ಪಲಿ ಬಿಡಿಸಿ, ಕ್ಲಿಪ್ಪು ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೊಂದು ಮರದ ಪಟ್ಟಿ ಒತ್ತಿ ನೋಡುತ್ತಿದ್ದ. ಪಟ್ಟಿಗಿಂತ ಮೇಲೆ ಗೆರೆ ಕಾಣಿಸಿದರೆ ಮುಗಿಯಿತು.

“ಮನೆಗೆ ಹೋಗಮ್ಮ. ಓಟ ಕಲಿಸ್ತೀನಿ, ಜಿಗಿತ ಕಲಿಸ್ತೀನಿ. ಎತ್ತರ ಕಲಿಸೋಕೆ ನಮ್ಮಪ್ಪನಿಗೂ ಬರ್ತಿರ್ಲಿಲ್ಲ.”

“ಸಾರ್, ಒಂದೇ ಒಂದು ಕೂದಲೆಳೆ ಸಾರ್...”

“ಕೂದಲೆಳೆ ಅಂತ ಅಲ್ಲಿ ಹೇಳು, ಕೇಳ್ತಾರೆ. ಸಾವಿರ ಜನದ ಮುಂದೆ ಗೇಟಿನಾಚೆ ತಳ್ಳಿಸ್ಕೊಳ್ಳೋದಕ್ಕಿಂತ ನನ್ನೊಬ್ಬನ ಹತ್ರ ಬೈಸ್ಕೊಂಡು ಹೋಗು.”

ಹೀಗೆ ವಾಪಸ್ ಕಳಿಸುವುದು ದೊಡ್ಡ ಉಪಕಾರ ಅಂತ ಅವನು ಮನಸಾರೆ ನಂಬಿದ್ದ. ಅದಕ್ಕೆ ಕಾರಣವೂ ಇತ್ತು. ಅವನಿಗೆ ಇಪ್ಪತ್ತೊಂದು ತುಂಬಿದಾಗ ಕಾನ್‌ಸ್ಟೇಬಲ್ ಆಯ್ಕೆಗೆ ಹೋಗಿದ್ದ. ನಸುಕಿನಿಂದ ಸಾಲಿನಲ್ಲಿ ನಿಂತು, ಬಿಸಿಲಿನಲ್ಲಿ ಬೆಂದು, ಅವನ ಸರದಿ ಬರುವಾಗ ಮಧ್ಯಾಹ್ನ ಇಳಿದಿತ್ತು. ಅಳೆದರೆ ಸ್ವಲ್ಪವೇ ಸ್ವಲ್ಪ ಕಡಿಮೆ. ಅಳೆದ ಜಮೇದಾರ ಅವನ ತಲೆಗೊಂದು ಮೊಟಕಿ, “ಹೋಗು ತಮ್ಮಾ, ಇನ್ನೊಂದು ಮಳೆಗಾಲ ನೆಂದು ಬೆಳೆದು ಬಾ” ಅಂದ. ಸಾಲಿಗೆ ಸಾಲೇ ನಕ್ಕಿತು. ಆ ನಗು ಕಿವಿಯಿಂದ ಹೋಗಲೇ ಇಲ್ಲ. ಹೋಮ್‌ಗಾರ್ಡ್‌ಗೆ ಸೇರಿದ, ಮದುವೆಯಾದ, ಒಬ್ಬಳೇ ಮಗಳು ಹುಟ್ಟಿದಳು, ಹೆಂಡತಿ ಜ್ವರದಲ್ಲಿ ಹೋದಳು. ಇಷ್ಟೆಲ್ಲ ಆದರೂ ಆ ನಗು ಮಾತ್ರ ಅಲ್ಲೇ ಕೂತಿತ್ತು.

ಅದಕ್ಕೇ ಮಗಳು ಸುಗುಣ ಕಾನ್‌ಸ್ಟೇಬಲ್ ಪರೀಕ್ಷೆಯ ಮೊದಲ ಹಂತ ಪಾಸು ಮಾಡಿಕೊಂಡು, ಮೈದಾನದ ಪರೀಕ್ಷೆಗೆ ಹಾಲ್‌ಟಿಕೆಟ್ ಬಂದಾಗ ಅವನಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಹುಡುಗಿ ಓಟದಲ್ಲಿ ಗಾಳಿ. ಜಿಗಿತದಲ್ಲಿ ಹುಡುಗರಿಗೇ ನಾಚಿಕೆಯಾಗಬೇಕು ಹಾಗಿದ್ದಳು. ಎತ್ತರದ್ದೊಂದೇ ಅನುಮಾನ. ಪರೀಕ್ಷೆಯ ಹಿಂದಿನ ದಿನ ಅವಳು ಚಿಕ್ಕಮ್ಮನ ಹೊಲದಲ್ಲಿ ಹಗಲಿಡೀ ಹತ್ತಿ ಬಿಡಿಸಿ, ಗಂಟು ತಲೆ ಮೇಲೆ ಹೊತ್ತು ಬಂದಿದ್ದಳು. ಸಂಜೆ ಗೋಡೆಗೆ ನಿಲ್ಲಿಸಿದ. ಪಟ್ಟಿ ಒತ್ತಿದ. ಪಟ್ಟಿಗಿಂತ ಮೇಲೆ ನೀಲಿ ಗೆರೆ ಕಾಣಿಸಿತು. ಮತ್ತೊಮ್ಮೆ ನಿಲ್ಲಿಸಿದ, ಮತ್ತೆ ಕಾಣಿಸಿತು. ಅರ್ಧ ಸೆಂಟಿಮೀಟರು ಕಡಿಮೆ.

“ಹೋಗಿ ನೋಡ್ತೀನಪ್ಪ. ಹೋದ್ರೆ ಏನಾಗುತ್ತೆ?” ಅಂದಳು ಸುಗುಣ.

“ಏನಾಗುತ್ತೆ ಅಂತ ನನ್ನ ಕೇಳು. ಬೇಡ. ನನ್ನ ಮಗಳ ತಲೆಗೆ ಯಾವನೋ ಮೊಟಕೋದು ನನಗೆ ನೋಡೋಕಾಗಲ್ಲ.”

ಅವಳು ಅವನ ಮಾತು ಮೀರಲಿಲ್ಲ. ಮರುದಿನ ಹೋಗಲಿಲ್ಲ. ಆ ವರ್ಷವೇ ಲಾರಿ ಓಡಿಸುವ ಹುಡುಗನಿಗೆ ಕೊಟ್ಟು ಮದುವೆ ಮಾಡಿದ. ಗಂಡ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಸುಗುಣ ಮೈದಾನದ ಎದುರಿನ ರಸ್ತೆಯಂಚಿನಲ್ಲಿ ಒಲೆ ಹೂಡಿ, ಸಂಜೆ ಹೊತ್ತು ಜೋಳದ ರೊಟ್ಟಿ ತಟ್ಟಿ ಮಾರತೊಡಗಿದಳು. ಓಡಿ ದಣಿದ ಹುಡುಗ ಹುಡುಗಿಯರು ಅಲ್ಲೇ ಬಂದು ರೊಟ್ಟಿ, ಪುಂಡಿಸೊಪ್ಪಿನ ಗೋಂಗುರ ಚಟ್ನಿ ತಿನ್ನುತ್ತಿದ್ದರು. ಅಪ್ಪ ಮಗಳ ನಡುವೆ ಜಗಳವಿಲ್ಲ, ಮುನಿಸಿಲ್ಲ. ಆ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಇದೆಲ್ಲ ಆಗಿ ಎಷ್ಟೋ ಕಾಲವಾದ ಮೇಲೆ ಭಾರ್ಗವಿ ಬಂದಳು. ಬಜಾರಿನ ಸೀರೆ ಅಂಗಡಿಯಲ್ಲಿ ಕೆಲಸ. ಬೆಳಗ್ಗೆ ಷಟರ್ ಎತ್ತಿದಾಗಿನಿಂದ ಕುರ್ಚಿ ಕಾಣದ ಕೆಲಸ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಈ ಸಲ ಬಿಟ್ಟರೆ ಮುಂದಿನ ನೇಮಕಾತಿ ಬರುವಷ್ಟರಲ್ಲಿ ವಯಸ್ಸು ದಾಟಿಬಿಡುತ್ತದೆ. ಅದನ್ನು ಅವಳು ಗೋಡೆಗೆ ನಿಲ್ಲುವ ಮೊದಲೇ ಹೇಳಿಬಿಟ್ಟಳು, ಹೇಳಿದರೆ ಎತ್ತರ ಸ್ವಲ್ಪ ಹೆಚ್ಚಬಹುದೇನೋ ಅನ್ನೋ ಹಾಗೆ.

ಬಾಲಕಿಷ್ಟಯ್ಯ ಪಟ್ಟಿ ಒತ್ತಿದ. ಗೆರೆ ಚೆನ್ನಾಗಿಯೇ ಕಾಣಿಸಿತು.

“ಆಗಲ್ಲಮ್ಮ.”

“ಸಾರ್, ನಮ್ಮ ಅಂಗಡಿ ಹುಡುಗಿ ಒಬ್ಬಳು ಹೇಳಿದ್ಲು. ಚೆನ್ನಾಗಿ ಮಲಗಿ ಎದ್ದು ಅಳೆಸ್ಕೊಂಡ್ರೆ ಉದ್ದ ಬರುತ್ತಂತೆ. ಅದಕ್ಕೇ ಕೆಲವರು ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಮಲಗಿಸ್ಕೊಂಡೇ ಕರ್ಕೊಂಡ್ ಬರ್ತಾರಂತಲ್ಲ ಸಾರ್, ಗೇಟಿನ ತನಕ...”

ಬಾಲಕಿಷ್ಟಯ್ಯನಿಗೆ ನಖಶಿಖಾಂತ ಉರಿಯಿತು. ಆ ಗೂಡ್ಸ್ ಆಟೋಗಳನ್ನು ಕಂಡರೇ ಅವನಿಗಾಗದು. ಪ್ರತಿ ಸಲ ಬಂದೋಬಸ್ತಿಗೆ ಹೋದಾಗ ನೋಡುತ್ತಿದ್ದ: ಗಟ್ಟಿಮುಟ್ಟಾದ ಹುಡುಗರು ಹೆಣದ ಹಾಗೆ ಅಂಗಾತ ಮಲಗಿ ಬರುವುದು, ಅಣ್ಣ ತಮ್ಮಂದಿರು ತಲೆ ಕಾಲು ಹಿಡಿದು ಇಳಿಸುವುದು.

“ಮಲಗಿದ್ರೆ ಉದ್ದ ಆಗೋದಾದ್ರೆ ಈ ಊರಿನ ಸೋಮಾರಿಗಳೆಲ್ಲ ತೆಂಗಿನಮರ ಆಗ್ಬೇಕಿತ್ತು! ಮೂಳೆ ಏನು ರಬ್ಬರಾ? ಹೋಗು, ಹೋಗು. ಅಂಗಡಿ ಕೆಲಸ ಗಟ್ಟಿ ಮಾಡ್ಕೋ.”

ಸುತ್ತ ನಿಂತವರು ನಕ್ಕರು. ಭಾರ್ಗವಿ ತಲೆ ತಗ್ಗಿಸಿ ಹೋದಳು. ತಾನು ಅವಳನ್ನು ನಗೆಪಾಟಲು ಮಾಡಿದೆ ಅಂತ ಅವನಿಗೆ ಅನ್ನಿಸಲೇ ಇಲ್ಲ ನೋಡಿ. ಇಷ್ಟು ಜನ ನಕ್ಕರೆ ಪರವಾಗಿಲ್ಲ, ಅಲ್ಲಿ ಸಾವಿರ ಜನ ನಗುತ್ತಿದ್ದರು, ಅದು ತಪ್ಪಿತು ಅಂದುಕೊಂಡ.

ಡಿಸೆಂಬರಿನಲ್ಲಿ ಜಿಲ್ಲಾ ಮೈದಾನದಲ್ಲಿ ಪರೀಕ್ಷೆ ಶುರುವಾಯಿತು. ಈ ಸಲ ಕ್ರಮ ಬದಲಾಗಿತ್ತು. ಹಿಂದೆಲ್ಲ ಬೆಳಗ್ಗೆ ಗೇಟು ತೆಗೆದ ಕೂಡಲೇ ಮೊದಲು ಎತ್ತರ ಅಳೆದು, ಆಮೇಲೆ ಮಿಕ್ಕಿದ್ದು. ಈಗ ಕಾಗದಪತ್ರ, ಹೆಬ್ಬೆಟ್ಟಿನ ಗುರುತು ಎಲ್ಲ ನೋಡಿದ ಮೇಲೆ ಮೊದಲು ಓಟ, ಓಟದಲ್ಲಿ ಗೆದ್ದವರಿಗೆ ಮಾತ್ರ ಎತ್ತರ, ಅದರಲ್ಲೂ ಪಾಸಾದವರಿಗೆ ಉದ್ದ ಜಿಗಿತ, ಕಡೆಗೆ ಗುಂಡೆಸೆತ. ಎಲ್ಲಿ ತಪ್ಪಿದರೂ ಅಲ್ಲಿಂದಲೇ ಮನೆ ದಾರಿ. ಓಟಕ್ಕೆ ಒಂದೇ ಅವಕಾಶ, ಜಿಗಿತಕ್ಕೂ ಗುಂಡಿಗೂ ಮೂರು ಮೂರು.

ಹೆಂಗಸರ ದಿನ ಬಾಲಕಿಷ್ಟಯ್ಯನಿಗೆ ಜಿಗಿತದ ಮರಳಗುಂಡಿಯ ಡ್ಯೂಟಿ ಹಾಕಿದ್ದರು. ಪ್ರತಿಯೊಬ್ಬರು ಜಿಗಿದ ಮೇಲೂ ಮರಳು ಹದ ಮಾಡುವ ಕೆಲಸ. ಅಭ್ಯರ್ಥಿಗಳ ಜೊತೆ ಮಾತು ಕೂಡದು ಅಂತ ಬೆಳಗ್ಗೆಯೇ ಎಚ್ಚರಿಕೆ ಕೊಟ್ಟಿದ್ದರು. ಅವನು ಮರಳು ಎಳೆಯುವ ಹಲುಬೆ ಹಿಡಿದು ನಿಂತಿದ್ದಾಗ ಗೇಟಿನ ಹತ್ತಿರ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆ ಹಾಸಿದ್ದ ಕೌದಿಯ ಮೇಲಿಂದ ಎದ್ದು ಇಳಿದವಳು ಭಾರ್ಗವಿ.

“ಬಂದೇಬಿಟ್ಟಳಲ್ಲ ಹಟಮಾರಿ. ತಗೋ, ಅನುಭವಿಸು” ಅಂತ ಗೊಣಗಿದ. ಹಾಗೆ ಗೊಣಗಿದರೂ ಕಣ್ಣು ಅವಳ ಹಿಂದೆಯೇ ಹೋಯಿತು.

ಹೆಂಗಸರಿಗೆ ಎಂಟುನೂರು ಮೀಟರು, ಐದು ನಿಮಿಷ ಇಪ್ಪತ್ತು ಸೆಕೆಂಡಿನೊಳಗೆ. ಹೊತ್ತು ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಚಿಪ್ ಕಾಲಿಗೆ ಕಟ್ಟಿ ಬಿಟ್ಟರು. ಅರ್ಧ ದಾರಿಯಲ್ಲಿ ಒಬ್ಬಳು ಎಡವಿಬಿದ್ದು ಅಲ್ಲೇ ಅಳುತ್ತ ಕೂತಳು. ಇನ್ನೊಬ್ಬಳು ಗೆರೆ ದಾಟಿ ಒಳಗಿನಿಂದ ಅಡ್ಡ ಓಡಿದಳು ಅಂತ ಹೊರಗೆ ಕಳಿಸಿದರು. ಭಾರ್ಗವಿ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಒಂದೇ ಹದದಲ್ಲಿ, ಉಸಿರು ಕಾಪಾಡಿಕೊಂಡು ಓಡಿ, ಹೊತ್ತು ಉಳಿದಿರುವಂತೆಯೇ ಗೆರೆ ಮುಟ್ಟಿದಳು. ಆ ಹದದ ಓಟ ಎಲ್ಲೋ ನೋಡಿದ ಹಾಗಿತ್ತು ಬಾಲಕಿಷ್ಟಯ್ಯನಿಗೆ. ಎಲ್ಲಿ ಅಂತ ತಕ್ಷಣ ಹೊಳೆಯಲಿಲ್ಲ.

ಗೆದ್ದವರನ್ನೆಲ್ಲ ಎತ್ತರದ ಸಾಲಿಗೆ ಕೂರಿಸಿದರು. ಬೇರೆ ಹುಡುಗಿಯರು ನೆಗೆದಾಡುತ್ತ, ತಬ್ಬಿಕೊಳ್ಳುತ್ತ ಕೂತರೆ, ಭಾರ್ಗವಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು.

“ಏನಮ್ಮಾ, ಅತ್ತೆ ಮನೆ ಅಂದ್ಕೊಂಡ್ಯಾ?” ಅಂದಳು ಮಹಿಳಾ ಕಾನ್‌ಸ್ಟೇಬಲ್.

“ಸುಸ್ತು ಮೇಡಂ. ಸರದಿ ಬರೋ ತನಕ, ಅಷ್ಟೇ.”

“ಮಲಗು, ಮಲಗು. ಎಲ್ಲರದೂ ಇದೇ ಕತೆ.”

ಎತ್ತರದ ಯಂತ್ರ ಮರಳಗುಂಡಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರವೇ ಇತ್ತು. ಮೊದಲು ಕರೆದ ಹುಡುಗಿಯ ಜಡೆ ಬಿಚ್ಚಿಸಿ ನೆತ್ತಿಗೆ ಕೈಯಿಟ್ಟ ಮೇಡಂ ಗದರಿದಳು. ಗೋರಂಟಿಯನ್ನು ದಪ್ಪಗೆ ಮೆತ್ತಿ, ಒಣಗಿಸಿ, ಮೇಲೆ ಕೂದಲು ಬಾಚಿಕೊಂಡು ಬಂದಿದ್ದಳು. ಬೆರಳಿನಿಂದ ಕೆರೆದರೆ ಹೆಂಟೆ ಹೆಂಟೆಯಾಗಿ ಉದುರಿತು. ಅವಳನ್ನು ಮೋಸ ಅಂತ ಬರೆದು ಹೊರಗೆ ಕಳಿಸಿದರು. ಅವಳ ಹಿಂದಿನವಳು ಮೋಸವೇನೂ ಮಾಡಿರಲಿಲ್ಲ, ಪಾಪ, ಆದರೆ ಎತ್ತರ ಸಾಲದು. ಇನ್ನೊಮ್ಮೆ ಅಳೆಯಿರಿ ಅಂತ ಮೇಲಧಿಕಾರಿಯ ಹತ್ತಿರ ಬೇಡಿಕೊಂಡಳು, ಅಳೆದರು, ಮತ್ತೂ ಸಾಲದು. ಬಿಚ್ಚಿಟ್ಟಿದ್ದ ದುಪಟ್ಟಾ ಹುಡುಕಿಕೊಳ್ಳುತ್ತ ಹೋದಳು.

ಭಾರ್ಗವಿಯನ್ನು ಕರೆದರು. ಮಲಗಿದ್ದವಳು ನಿಧಾನಕ್ಕೆ ಎದ್ದು, ಕುಲುಕದೆ ನಡೆದು ಹೋಗಿ, ಬರಿಗಾಲಲ್ಲಿ ಹಿಮ್ಮಡಿ ಜೋಡಿಸಿ ನಿಂತಳು. ಮೇಲಿನಿಂದ ಪಟ್ಟಿ ಇಳಿದು ತಲೆಗೆ ತಾಗಿತು.

ಬಾಲಕಿಷ್ಟಯ್ಯ ಹಲುಬೆ ಬಿಟ್ಟು ಕಿವಿ ನೆಟ್ಟಗೆ ಮಾಡಿದ. ಈಗ ಹೊರಗೆ ಹಾಕ್ತಾರೆ, ಈಗ ಹಾಕ್ತಾರೆ.

“ನೂರ ಐವತ್ತೆರಡು ಪಾಯಿಂಟ್ ಆರು. ಪಾಸು. ಮುಂದೆ ಹೋಗಮ್ಮ.”

ಅವನ ಕಾಲಡಿ ಮರಳು ಸರಿದ ಹಾಗಾಯಿತು. ತನ್ನ ಗೋಡೆಯ ಹತ್ತಿರ ಈ ಹುಡುಗಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರು ಗಿಡ್ಡ ಇದ್ದಳು. ಗೋಡೆ ಸುಳ್ಳೆ? ಆ ಗೋಡೆಯ ಗೆರೆಯನ್ನು ಅವನು ಉಕ್ಕಿನ ಟೇಪಿನಿಂದ ಮೂರು ಮೂರು ಸಲ ನೋಡಿ ಬರೆದದ್ದು. ಹಾಗಾದರೆ ಯಂತ್ರ ಕೆಟ್ಟಿದೆಯೆ? ಯಂತ್ರದ ಪಕ್ಕ ನಿಂತಿದ್ದ ಕಾನ್‌ಸ್ಟೇಬಲ್ ಮೊಗುಲಯ್ಯ ಅವನ ಹಳೇ ಪರಿಚಯದವನು. ನೀರು ಕುಡಿಯುವ ನೆಪದಲ್ಲಿ ಅವನ ಹತ್ತಿರ ಹೋದ.

“ಮೊಗುಲಯ್ಯ, ಮಿಷನ್ ಸರಿಯಿದೆಯೇನೋ? ಆ ಹುಡುಗೀನ ನಾನೇ ಅಳೆದಿದ್ದೆ. ಬಹಳ ಕಡಿಮೆ ಇತ್ತು.”

“ಯಾವಾಗ ಅಳೆದೆ ಅಣ್ಣ?”

“ಸಂಜೆ. ನಾನು ಇನ್ಯಾವಾಗ ಅಳೀಲಿ? ಬೆಳಗ್ಗೆ ಡ್ಯೂಟಿ ಅಲ್ವಾ.”

ಮೊಗುಲಯ್ಯ ನಕ್ಕ. “ಸಂಜೆ ಅಳೆದ್ರೆ ಸಿಗುತ್ತಾ? ಹಗಲೆಲ್ಲ ನಿಂತು, ಭಾರ ಹೊತ್ತು ಬೆನ್ನುಮೂಳೆ ಒತ್ತಿಕೊಂಡಿರುತ್ತೆ. ಒಂದು ಸೆಂಟಿಮೀಟರ್ ತನಕ ನುಂಗಿಬಿಡುತ್ತೆ. ಮಲಗಿದ್ರೆ ಮತ್ತೆ ಬಿಡಿಸ್ಕೊಳ್ಳುತ್ತೆ. ಅದಕ್ಕೇ ಅಲ್ವಾ ಈ ಆಟೋ ತಮಾಷೆಯೆಲ್ಲ. ಡಾಕ್ಟರೂ ಇದೇ ಹೇಳ್ತಾರೆ. ಇಷ್ಟು ಜನಕ್ಕೆ ಕಲಿಸ್ತೀಯ, ನಿನಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಹೇಳಿದವರಿದ್ದರು, ಅವನು ಕೇಳಿಸಿಕೊಂಡಿರಲಿಲ್ಲ. ಅಯ್ಯೋ ದೇವರೇ ಅಂದುಕೊಂಡ. ಇಳಿಮಧ್ಯಾಹ್ನದಲ್ಲಿ ಮೊಟಕಿಸಿಕೊಂಡ ತನ್ನದೇ ತಲೆ ನೆನಪಾಯಿತು. ಆಮೇಲೆ ಹತ್ತಿಯ ಗಂಟು ಹೊತ್ತು ಬಂದು ಗೋಡೆಗೆ ನಿಂತ ಮಗಳು ನೆನಪಾದಳು. ಭಾರ್ಗವಿ ಓಡಿದ ಹದ ಯಾರದು ಅಂತಲೂ ಆಗಲೇ ಹೊಳೆಯಿತು. ಅದು ಸುಗುಣಳ ಓಟ. ಹುಡುಗಿಗೆ ಕಲಿಸಿದವಳು ಅವಳೇ.

ಕೂತು ಅಳಲೂ ಪುರಸೊತ್ತಿಲ್ಲ. ಜಿಗಿತದ ಸಾಲು ಶುರುವಾಗಿತ್ತು. ಎರಡೂವರೆ ಮೀಟರು, ಅಂಥ ದೊಡ್ಡ ಜಿಗಿತವೇನಲ್ಲ, ತಿಳಿದವರಿಗೆ. ತಿಳಿಯದವರು ಅಲ್ಲೇ ಬೀಳುವುದು. ಹಾರುವ ಹಲಗೆಯನ್ನು ಕಾಲ್ಬೆರಳು ದಾಟಿದರೆ ಫೌಲ್. ಮರಳಿನಲ್ಲಿ ಮೈಯ ಯಾವ ಭಾಗ ಹಲಗೆಗೆ ಹತ್ತಿರ ಬಿದ್ದಿರುತ್ತದೋ ಅಲ್ಲಿಗೆ ಅಳತೆ. ಕಾಲು ಎಷ್ಟೇ ದೂರ ಹೋಗಲಿ, ಕೈ ಹಿಂದಕ್ಕೆ ಊರಿದರೆ ಅಷ್ಟೂ ಹೋಯಿತು. ಇದನ್ನು ಬಾಲಕಿಷ್ಟಯ್ಯನಷ್ಟು ಚೆನ್ನಾಗಿ ಹೇಳಿಕೊಡುವವರು ಆ ಊರಿನಲ್ಲಿ ಬೇರೆ ಇರಲಿಲ್ಲ. ರೊಟ್ಟಿ ತಟ್ಟುವ ಒಲೆಯ ಹತ್ತಿರ ಸುಗುಣ ಓಟದ ಉಸಿರು ಹೇಳಿಕೊಟ್ಟಿರಬಹುದು, ಮಲಗುವುದನ್ನು ಹೇಳಿರಬಹುದು. ಮರಳು ಎಲ್ಲಿತ್ತು ಅವಳ ಹತ್ತಿರ? ಮರಳು ಇದ್ದದ್ದು ಹಳೇ ಹೈಸ್ಕೂಲಿನ ಮೈದಾನದಲ್ಲಿ, ಬಾಲಕಿಷ್ಟಯ್ಯನ ವಶದಲ್ಲಿ. ಅಲ್ಲಿಗೆ ಭಾರ್ಗವಿಗೆ ಪ್ರವೇಶ ಇರಲಿಲ್ಲ.

ಭಾರ್ಗವಿ ಓಡಿ ಬಂದಳು. ಹಾರಿದಳು. ಕೆಂಪು ಬಾವುಟ ಮೇಲೆದ್ದಿತು. ಬೆರಳು ಹಲಗೆ ದಾಟಿತ್ತು.

ಬಾಲಕಿಷ್ಟಯ್ಯ ಮರಳು ಎಳೆದ.

ಎರಡನೇ ಸಲ ಹಲಗೆ ಸರಿಯಾಗಿಯೇ ಸಿಕ್ಕಿತು. ಕಾಲು ಗೆರೆಯಾಚೆ, ದೂರವೇ ಬಿದ್ದವು. ಆದರೆ ಹಿಂದಕ್ಕೆ ವಾಲಿ ಎಡಗೈ ಊರಿಬಿಟ್ಟಳು. ಟೇಪು ಹಿಡಿದವನು ಕೈಯ ಗುರುತಿಗೆ ಅಳೆದ. ಸಾಲದು.

ಅವಳು ಎದ್ದು ಮರಳು ಕೊಡವಿಕೊಳ್ಳುತ್ತ ಅವನನ್ನು ನೋಡಿದಳು. ಬೆಳಗ್ಗಿನಿಂದ ಅದೇ ಮೊದಲು ನೋಡಿದ್ದು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಏನು ತಪ್ಪು ಮಾಡುತ್ತಿದ್ದೇನೆ ಅಂತ ಕೇಳುವ ಹಾಗಿತ್ತು.

ಮಾತಾಡಬಾರದು ಅಂತ ಗೊತ್ತಿದ್ದೂ ಬಾಲಕಿಷ್ಟಯ್ಯನ ಬಾಯಿಂದ ಬಂದೇಬಿಟ್ಟಿತು. “ಮುಂದಕ್ಕೆ ಬೀಳಮ್ಮ. ಕೈ ಮುಂದಕ್ಕೆ ಚಾಚಿ ಮುಂದಕ್ಕೆ ಬೀಳು.”

“ಏಯ್ ಹೋಮ್‌ಗಾರ್ಡ್!” ಎಸ್‌ಐ ಗುಡುಗಿದ. “ಬಾಯಿ ಮುಚ್ಕೊಂಡು ಮರಳು ನೋಡ್ತೀಯೋ, ಇಲ್ಲ ಗೇಟಿನಾಚೆ ಹೋಗ್ತೀಯೋ?”

“ತಪ್ಪಾಯ್ತು ಸಾರ್.”

ಮೂರನೇ ಸಲ. ಇದೇ ಕೊನೆ. ಭಾರ್ಗವಿ ಓಡಿ ಬಂದಳು. ಮುಂದಕ್ಕೇ ಬಿದ್ದಳು, ಮಂಡಿಯೂರಿ, ಎರಡೂ ಕೈ ಮುಂದೆ ಚಾಚಿ, ಹೇಳಿದ ಹಾಗೆಯೇ. ಸೊಗಸಾದ ಜಿಗಿತ. ಆದರೆ ಮೊದಲ ಫೌಲಿನ ಹೆದರಿಕೆ ಮೈಯಲ್ಲಿತ್ತಲ್ಲ, ಹಲಗೆಗೆ ಇನ್ನೂ ಒಂದು ಅಡಿ ಇರುವಾಗಲೇ ಕಾಲೆತ್ತಿಬಿಟ್ಟಿದ್ದಳು. ಎಲ್ಲಿಂದ ಹಾರಿದರೂ ಅಳೆಯುವುದು ಹಲಗೆಯ ಗೆರೆಯಿಂದ. ಆ ಒಂದು ಅಡಿ ಯಾರ ಲೆಕ್ಕಕ್ಕೂ ಬರಲಿಲ್ಲ. ಟೇಪು ಎಳೆದರು. ಎರಡು ಮೀಟರು ನಲವತ್ತನಾಲ್ಕು.

“ಫೇಲ್. ನಂಬರ್ ಬಿಚ್ಚಿಕೊಡಮ್ಮ.”

ಹೆಜ್ಜೆ ಲೆಕ್ಕ ಹಾಕಿ, ಹಲಗೆಯಿಂದ ಹಿಂದಕ್ಕೆ ಓಡಿ ಗುರುತು ಮಾಡಿಕೊಳ್ಳುವುದು ಅವನು ಕಲಿಸುತ್ತಿದ್ದ ಮೊದಲ ದಿನದ ಪಾಠ. ಅದೊಂದು ದಿನವೂ ಅವಳಿಗೆ ಸಿಕ್ಕಿರಲಿಲ್ಲ.

ಗುಂಡೆಸೆತ ಇನ್ನೂ ಬಾಕಿಯಿತ್ತು. ನಾಲ್ಕು ಕಿಲೋ ಗುಂಡು ಆಚೆ ಸಾಲಾಗಿ ಇಟ್ಟಿದ್ದರು. ಅಲ್ಲಿಗೆ ಹೋಗುವ ದಾರಿ ಬಿಟ್ಟು ಭಾರ್ಗವಿಯನ್ನು ಹೊರಗಿನ ದಾರಿಗೆ ತಿರುಗಿಸಿದರು. ಅವಳು ಅವನ ಮುಂದೆ ಹಾದು ಹೋಗುವಾಗ ಒಂದು ಗಳಿಗೆ ನಿಂತಳು.

“ಎತ್ತರ ಸರಿಯಿತ್ತು ಸಾರ್ ನನ್ನದು” ಅಂದಳು.

ಮುಂದಿನವಳಿಗೆ ಸೀಟಿ ಊದಿಯಾಗಿತ್ತು. ಮರಳು ಎಳೆದ.

ಅವತ್ತು ಸಂಜೆ ಮೈದಾನಕ್ಕೆ ಹೋಗಲಿಲ್ಲ ಬಾಲಕಿಷ್ಟಯ್ಯ. ಹುಡುಗರು ದೂರದಿಂದ ಸಾರ್ ಸಾರ್ ಅಂತ ಕೂಗಿದರೂ ತಿರುಗಿ ನೋಡದೆ ನೆಟ್ಟಗೆ ಸುಗುಣಳ ಒಲೆಯ ಹತ್ತಿರ ಬಂದು, ಗಿರಾಕಿಗಳಿಗೆ ಹಾಕಿದ್ದ ಬೆಂಚಿನ ತುದಿಯಲ್ಲಿ ಕೂತ. ಖಾಕಿ ಅಂಗಿಯನ್ನೂ ಬಿಚ್ಚಿರಲಿಲ್ಲ, ಅದರ ಮೇಲೆಯೇ ಟವೆಲ್ ಹಾಕಿಕೊಂಡಿದ್ದ.

“ಭಾರ್ಗವಿ ಬಂದು ಹೋದ್ಲು” ಅಂದಳು ಸುಗುಣ, ರೊಟ್ಟಿ ತಿರುವಿ ಹಾಕುತ್ತ. “ಜಿಗಿತದಲ್ಲಿ ಹೋಯ್ತಂತೆ.”

“ನೀನೇ ಕಲಿಸಿದ್ದಾ?”

“ಇಲ್ಲಿ ಆಗೋವಷ್ಟು. ಜಿಗಿತಕ್ಕೆ ಮರಳು ಬೇಕಲ್ಲ, ನಿನ್ನ ಹತ್ರ ಕಳಿಸ್ಬೇಕಿತ್ತು. ನೀನು ನಕ್ಕು ಕಳಿಸಿದ್ದೆ, ಮತ್ತೆ ಹೆಂಗೆ ಬರ್ತಾಳೆ?”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕಡೆಗೆ ಹೇಳಿದ. “ಸುಗುಣ, ಆವತ್ತು ನಿನ್ನ ಸಂಜೆ ಅಳೆದೆ ಕಣೆ. ಹತ್ತಿ ಹೊತ್ತು ಬಂದಿದ್ದೆ ನೀನು. ಸಂಜೆ ಹೊತ್ತು ಅಳತೆ ಕಡಿಮೆ ಬರುತ್ತಂತೆ. ನನಗೆ ಗೊತ್ತಿರ್ಲಿಲ್ಲ. ನಿನ್ನ ಎತ್ತರ ಬಹುಶಃ...”

“ಗೊತ್ತು.”

“ಏನು ಗೊತ್ತು?”

“ನನ್ನ ಎತ್ತರ ಸರಿಯಿತ್ತು ಅಂತ ಗೊತ್ತು.” ಅವಳು ಒಲೆಗೆ ಒಂದು ಸೌದೆ ತಳ್ಳಿದಳು. “ಮರುದಿನ ಎದ್ದೆ. ನೀನು ಡ್ಯೂಟಿಗೆ ಹೋಗಿದ್ದೆ. ಮನೆಯಲ್ಲಿ ಕೂರೋಕಾಗ್ಲಿಲ್ಲ, ಹೋಗಿ ಆ ಗೋಡೆಗೇ ನಿಂತೆ. ಶಾಲೆ ಕಸ ಗುಡಿಸ್ತಿದ್ದ ಆಯಮ್ಮನ್ನ ಕರೆದು, ತಲೆ ಮೇಲೆ ಪಟ್ಟಿ ಇಟ್ಟು ನೋಡಮ್ಮಾ, ಗೆರೆ ಕಾಣುತ್ತಾ ಅಂದೆ. ಗೆರೆ ಪಟ್ಟಿಯ ಕೆಳಗಿದೆ ಅಂದ್ಲು. ನಂಬಿಕೆ ಬರ್ಲಿಲ್ಲ. ಎರಡು ಸಲ ನೋಡಿಸ್ದೆ.”

ಬಾಲಕಿಷ್ಟಯ್ಯ ಅವಳ ಕಡೆ ತಿರುಗಿದ. “ಓಡಿ ಬಂದು ಹೇಳ್ಬಾರದಿತ್ತೇನೆ? ಚೌಕದಲ್ಲೇ ಇದ್ದೆನಲ್ಲ!”

“ಆಗ್ಲೇ ಎಂಟು ಹೊಡೆದಿತ್ತು. ಅಲ್ಲಿ ಗೇಟು ಮುಚ್ಚಿ ಎಷ್ಟು ಹೊತ್ತಾಗಿತ್ತೋ.”

“ಆಮೇಲಾದ್ರೂ ಹೇಳ್ಬೇಕಿತ್ತು. ಇಷ್ಟು ವರ್ಷ...”

“ಹೇಳಿದ್ರೆ ನೀನು ಮತ್ತೆ ಆ ಮೈದಾನಕ್ಕೆ ಕಾಲಿಡ್ತಿರ್ಲಿಲ್ಲ. ಅಮ್ಮ ಇಲ್ಲ. ನಾನು ಮದುವೆಯಾಗಿ ಹೊರಟವಳು. ಸಂಜೆ ಹೊತ್ತು ನಿನಗೆ ಬೇರೆ ಏನಿತ್ತಪ್ಪ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. “ನೀನು ವಾಪಸ್ ಕಳಿಸಿದವರೆಲ್ಲ ಮುಖ ಸಣ್ಣದು ಮಾಡ್ಕೊಂಡು ಇಲ್ಲೇ ರೊಟ್ಟಿ ತಿನ್ನೋಕೆ ಬರ್ತಿದ್ರು. ಬೆಳಗ್ಗೆ ಎದ್ದು ಇನ್ನೊಮ್ಮೆ ಅಳೆಸ್ಕೊಳ್ಳಿ ಅಂತ ಮೆಲ್ಲಗೆ ಹೇಳ್ತಿದ್ದೆ. ಒಬ್ಬಿಬ್ಬರು ಕೇಳಿದ್ರು. ಮಿಕ್ಕವರು, ಇಲ್ಲಕ್ಕ, ಸಾರ್ ಹೇಳಿದ ಮೇಲೆ ಮುಗೀತು ಅಂತ ಹೋದ್ರು.”

“ನೀನಾದ್ರೂ ನನ್ನ ಮಾತು ಮೀರಿ ಹೋಗಿದ್ರೆ... ಆವತ್ತು ಸುಮ್ಮನೆ ಹೋಗಿಬಿಟ್ಟಿದ್ರೆ...”

“ಹೋಗ್ಬೇಕು ಅಂತ ಹಾಲ್‌ಟಿಕೆಟ್ ದಿಂಬಿನ ಕೆಳಗೇ ಇಟ್ಕೊಂಡಿದ್ದೆ” ಅಂದಳು ಸುಗುಣ. “ಬೆಳಗಿನ ಜಾವ ಎಚ್ಚರಾನೂ ಆಯ್ತು. ಅಪ್ಪ ಅಳೆದಿದಾನೆ, ಅವನಿಗೆ ತಪ್ಪುತ್ತಾ ಅಂದ್ಕೊಂಡು ಮತ್ತೆ ಮಲಗ್ದೆ.”

ಬಾಲಕಿಷ್ಟಯ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಖಾಕಿ ಹಾಕಿದ ಗಂಡಸು ರಸ್ತೆಯಂಚಿನಲ್ಲಿ ಕೂತು ಹಾಗೆ ಬಿಕ್ಕಿ ಅಳುವುದನ್ನು ದಾರಿಹೋಕರು ನಿಂತು ನೋಡಿದರು. ಆಟೋ ಡ್ರೈವರೊಬ್ಬ ಬಂದು, ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಅಳುಕುತ್ತಲೇ ನಾಲ್ಕು ರೊಟ್ಟಿ ಪಾರ್ಸಲ್ ಕೊಡಕ್ಕ ಅಂದ. ಸುಗುಣ ಕಣ್ಣೊರೆಸಿಕೊಂಡು ಹಿಟ್ಟಿನ ಮುದ್ದೆ ಎತ್ತಿಕೊಂಡಳು.